ಸವೆದ ಚಪ್ಪಲಿ ಬಚ್ಚಲಿಗಲ್ಲ

ತೊಂಡೇಬಾವಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಲ್ಲಿ ಹವಾಯಿ ಚಪ್ಪಲಿ ಹೊಸದರಲ್ಲಿ ರಸ್ತೆಗೆ, ಸವೆದ ಮೇಲೆ ಬಚ್ಚಲಿಗೆ. ಈ ರೂಢಿ ಅಪಾಯದ್ದು. ಒದ್ದೆ ನೆಲದಲ್ಲಿ ಕಾಲು ನಿಲ್ಲುವುದು ಅಟ್ಟೆಯ ಗೀರುಗಳಿಂದ. ಅವು ಅಳಿಸಿದ ಚಪ್ಪಲಿಗೆ ಬಚ್ಚಲಿಗಿಂತ ಕೆಟ್ಟ ಜಾಗವಿಲ್ಲ.

ಜಾರುವುದು ಯಾಕೆ

ಟೈಲ್ಸ್ ಮೇಲೆ ಹಿಮ್ಮಡಿ ಊರಿದಾಗ ಅಟ್ಟೆಗೂ ನೆಲಕ್ಕೂ ನಡುವೆ ತೆಳ್ಳನೆಯ ನೀರಿನ ಪೊರೆ ಸಿಕ್ಕಿಕೊಳ್ಳುತ್ತದೆ. ಗೀರುಗಳ ಮೂಲಕ ನೀರು ಪಕ್ಕಕ್ಕೆ ಹರಿದುಹೋದರೆ ರಬ್ಬರ್ ನೆಲವನ್ನು ಕಚ್ಚುತ್ತದೆ, ಇಲ್ಲವಾದರೆ ಕಾಲು ಸರ್‍ರನೆ ಮುಂದೆ ಹೋಗುತ್ತದೆ. ಈ ಭಾಗದ ಗಡಸು ಬೋರ್‌ವೆಲ್ ನೀರು ಇನ್ನೊಂದು ತೊಡಕು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಬಿಳಿ ಜಿಡ್ಡಾಗುತ್ತದೆ. ಅದು ನೆಲಕ್ಕೆ ಮೆತ್ತುವುದಲ್ಲದೆ ಅಟ್ಟೆಯ ಸಣ್ಣ ಗೀರುಗಳನ್ನೂ ತುಂಬಿಬಿಡುತ್ತದೆ.

ಬಚ್ಚಲಿಗೆ ಎಂಥದ್ದು

ಅಂಗಡಿಯಲ್ಲಿ ಚಪ್ಪಲಿಯನ್ನು ಮಗುಚಿ ಮೊದಲು ಹಿಮ್ಮಡಿ ಭಾಗ ನೋಡಿ. ನಡೆಯುವಾಗ ಜಾರು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಗೀರುಗಳು ಒತ್ತಾಗಿರಬೇಕು, ಚೂಪಾದ ಅಂಚಿರಬೇಕು, ಅಟ್ಟೆಯ ಹೊರ ಅಂಚಿನವರೆಗೂ ತೆರೆದಿರಬೇಕು. ಬಟ್ಟಲಿನಂತೆ ಸುತ್ತಲೂ ಮುಚ್ಚಿದ ಚೌಕ, ವೃತ್ತಗಳ ವಿನ್ಯಾಸದಲ್ಲಿ ನೀರು ಹೊರಹೋಗಲು ದಾರಿಯೇ ಇಲ್ಲ. ಚೆಂದಕ್ಕೆ ಮಾಡಿದ ಇಂಥ ಅಚ್ಚುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ನೋಡಿ ಮೋಸಹೋಗಬೇಡಿ.

ಆಮೇಲೆ ಹೆಬ್ಬೆರಳ ಉಗುರಿನಿಂದ ಅಟ್ಟೆಯನ್ನು ಒತ್ತಿ. ಒಳ್ಳೆಯ ರಬ್ಬರ್ ತಗ್ಗಿ ಮತ್ತೆ ಮೇಲೇಳುತ್ತದೆ. ಉಗುರಿಗೆ ಜಗ್ಗದ ಗಟ್ಟಿ ಪ್ಲಾಸ್ಟಿಕ್ ಅಟ್ಟೆ ನುಣುಪು ಟೈಲ್ಸ್ ಮೇಲೆ ಬೇಗ ಜಾರುತ್ತದೆ. ಹಗುರವಾದ ಇವಿಎ ಚಪ್ಪಲಿ ಕಾಲಿಗೆ ಹಿತ, ಆದರೆ ಸಾಮಾನ್ಯವಾಗಿ ರಬ್ಬರಿಗಿಂತ ಬೇಗ ಸವೆಯುತ್ತದೆ. ಅನುಮಾನವಿದ್ದರೆ ಎರಡು ಜೊತೆಗಳನ್ನು ಒದ್ದೆ ಟೈಲ್ಸ್ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದು ಮುಂದಕ್ಕೆ ತಳ್ಳಿ. ಯಾವುದು ತಡೆದು ನಿಲ್ಲುತ್ತದೆಂದು ಕೈಗೇ ಗೊತ್ತಾಗುತ್ತದೆ.

ಮಳೆಗಾಲದ ರಸ್ತೆಗೆ

ಇಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆಂಪು ಜೇಡಿ ಮಣ್ಣಿಗೆ ಬಚ್ಚಲಿನ ಚಪ್ಪಲಿ ಆಗಿಬರುವುದಿಲ್ಲ, ಒತ್ತಾದ ಗೀರುಗಳಲ್ಲಿ ಕೆಸರು ಮೆತ್ತಿಕೊಂಡು ಅಟ್ಟೆ ಸಮತಟ್ಟಾಗಿಬಿಡುತ್ತದೆ. ಕೆಸರು ತಾನೇ ಉದುರುವಷ್ಟು ಅಗಲ, ಆಳದ ಗೀರುಗಳು ಬೇಕು. ಹವಾಯಿಗೆ ಹಿಂಬದಿ ಪಟ್ಟಿ ಇರುವುದಿಲ್ಲ, ಪಾದ ಒದ್ದೆಯಾದಾಗ ಚಪ್ಪಲಿಯೊಳಗೇ ಪಕ್ಕಕ್ಕೆ ಜಾರುತ್ತದೆ. ತೋಟದ ದಾರಿಗೆ ಹಿಂಬದಿ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ವಾಸಿ.

ಯಾವಾಗ ಬಿಸಾಡಬೇಕು

ಹಿಮ್ಮಡಿಯಲ್ಲಿ ಗೀರು ಪೂರ್ತಿ ಅಳಿಸಿದ ಜಾಗವನ್ನು ಗೋಡೆ ಗಡಿಯಾರದ ಸೆಲ್ಲಿನ ತಳದೊಂದಿಗೆ ಹೋಲಿಸಿ. ಅದಕ್ಕಿಂತ ದೊಡ್ಡದಾಗಿದ್ದರೆ ಆ ಜೊತೆ ಒದ್ದೆ ನೆಲಕ್ಕೆ ಬೇಡ. ಗೀರು ಚೆನ್ನಾಗಿದ್ದೂ ಜಾರುತ್ತಿದ್ದರೆ ಅದು ಜಿಡ್ಡಿನ ಕೆಲಸ. ಡಿಟರ್ಜೆಂಟ್ ಪುಡಿ ಹಾಕಿ ಬ್ರಷ್‌ನಿಂದ ಅಟ್ಟೆ, ನೆಲ ಎರಡನ್ನೂ ಉಜ್ಜಬೇಕು. ಸೋಪಿನಿಂದ ತೊಳೆದರೆ ಗಡಸು ನೀರಿನಲ್ಲಿ ಮತ್ತದೇ ಜಿಡ್ಡು. ಬಚ್ಚಲಿಗೆ ಕಡಪ ಕಲ್ಲು ಹಾಕಿಸಿದ್ದರೆ ನಿಂಬೆರಸ, ಆಸಿಡ್ ಸೋಕಿಸಬೇಡಿ. ಅದು ಸುಣ್ಣದ ಕಲ್ಲು, ಹುಳಿಗೆ ಕೊರೆದು ಕಲೆಯಾಗುತ್ತದೆ.