ಒಂದೇ ಗಿರಣಿ, ಹಲವು ಸರಕು: ವ್ಯಾಪ್ತಿಯ ಮಿತವ್ಯಯವೆಂಬ ವಿಚಾರ ಬೆಳೆದ ಬಗೆ

ಅಶೋಕನ ಶಾಸನಗಳಿಂದ ಪ್ರಸಿದ್ಧವಾದ ಬ್ರಹ್ಮಗಿರಿಯ ಸುತ್ತಣ ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯು ಅಲ್ಪವೃಷ್ಟಿಯ ನಾಡು. ಮಳೆಯನ್ನೇ ನಂಬಿದ ಈ ಕೆಂಪುನೆಲದಲ್ಲಿ ಶೇಂಗಾ ಬೆಳೆಯು ಬೇರೂರಿದುದರಿಂದಲೇ ಚಳ್ಳಕೆರೆಯು ಎಣ್ಣೆ ಗಿರಣಿಗಳ ಪಟ್ಟಣವಾಗಿ, ಎರಡನೆಯ ಬೊಂಬಾಯಿಯೆಂಬ ಹೊಗಳಿಕೆಗೂ ಪಾತ್ರವಾಯಿತು. ಒಂದೇ ಸಂಸ್ಥೆಯು ಪರಸ್ಪರ ಸಂಬಂಧವುಳ್ಳ ಹಲವು ಸರಕುಗಳನ್ನು ಉತ್ಪಾದಿಸಿದಾಗ ವೆಚ್ಚವು ಏಕೆ ತಗ್ಗುತ್ತದೆ, ಎಲ್ಲಿ ತಗ್ಗದು ಎಂಬ ಅರ್ಥಶಾಸ್ತ್ರದ ಪ್ರಶ್ನೆಯನ್ನು ಪರಿಶೀಲಿಸಲು ಇಂತಹ ಗಿರಣಿಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ವಿರಳ.

1776ರಲ್ಲಿ ಆಡಂ ಸ್ಮಿತ್ತನು ಶ್ರಮವಿಭಜನೆಯ ಮಹಿಮೆಯನ್ನು ಪ್ರತಿಪಾದಿಸಿದ ಮೇಲೆ, ಒಂದು ಕೆಲಸಕ್ಕೇ ಅಂಟಿಕೊಂಡವನು ಅದನ್ನು ಅಗ್ಗವಾಗಿ ಮಾಡಬಲ್ಲನೆಂಬುದು ಬಹುಕಾಲ ಸರ್ವಸಮ್ಮತವಾಗಿದ್ದಿತು. ಆದರೆ ಎಷ್ಟೋ ವಸ್ತುಗಳು ಬೇರೆಯಾಗಿ ಹುಟ್ಟುವುದೇ ಇಲ್ಲವೆಂಬುದನ್ನು 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ಉಣ್ಣೆ ಮತ್ತು ಮಾಂಸಗಳ ಉದಾಹರಣೆಯಿಂದ ವಿಶದಪಡಿಸಿದನು. ನಮ್ಮ ಗಿರಣಿಯಲ್ಲಿಯೂ ಇದನ್ನೇ ಕಾಣಬಹುದು. ನೂರು ಕಿಲೋ ಶೇಂಗಾ ಕಾಯಿಯನ್ನು ಸುಲಿದರೆ ಸುಮಾರು 70 ಕಿಲೋ ಬೀಜವೂ 30 ಕಿಲೋ ಹೊಟ್ಟೂ ಬರುತ್ತವೆ; ಬೀಜವನ್ನು ಎಕ್ಸ್‌ಪೆಲ್ಲರಿನಲ್ಲಿ ಅರೆದರೆ ಸುಮಾರು 30 ಕಿಲೋ ಎಣ್ಣೆಯೂ 40 ಕಿಲೋ ಹಿಂಡಿಯೂ ದೊರೆಯುತ್ತವೆ. ಹೊಟ್ಟು ಬಾಯ್ಲರಿಗೆ ಉರುವಲು, ಹಿಂಡಿ ದನಕರುಗಳಿಗೆ ಮೇವು. ಇವುಗಳಲ್ಲಿ ಎಣ್ಣೆಯ ವೆಚ್ಚವೆಷ್ಟು, ಹಿಂಡಿಯ ವೆಚ್ಚವೆಷ್ಟು ಎಂದು ಗುಮಾಸ್ತನು ಲೆಕ್ಕದ ಪುಸ್ತಕದಲ್ಲಿ ಹಂಚಿ ಬರೆಯಬಹುದಾದರೂ, ಆ ಹಂಚಿಕೆಯು ಕೇವಲ ರೂಢಿಯೇ ಹೊರತು ಸತ್ಯವಲ್ಲ. ಎರಡರ ಮಾರಾಟವೂ ಸೇರಿ ಒಟ್ಟು ವೆಚ್ಚವನ್ನು ತೀರಿಸಬೇಕೆಂಬುದಷ್ಟೇ ಸತ್ಯ.

ಹಾಗಾದರೆ ಒಂದೇ ಸ್ಥಾವರದಿಂದ ಹೊರಡುವುದೆಲ್ಲವೂ ಇಂತಹ ಅವಿಭಾಜ್ಯ ಉತ್ಪನ್ನವೇ? ರೈಲ್ವೆ ಸಾಗಣೆಯ ದರಗಳನ್ನು ಕುರಿತು ಅಮೆರಿಕದ ಟಾಸಿಗ್ ಮತ್ತು ಇಂಗ್ಲೆಂಡಿನ ಪಿಗೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಡೆಸಿದ ವಾದವು ಈ ಪ್ರಶ್ನೆಯನ್ನೇ ಹಿಡಿದಿದ್ದಿತು. ಒಂದೇ ಹಳಿಯ ಮೇಲೆ ತಾಮ್ರವೂ ಕಲ್ಲಿದ್ದಲೂ ಸಾಗಿದ ಮಾತ್ರಕ್ಕೆ ಒಂದನ್ನು ಸಾಗಿಸಿದರೆ ಇನ್ನೊಂದು ತಾನಾಗಿ ಸಾಗದೆಂಬುದು ಪಿಗೂವಿನ ಆಕ್ಷೇಪ. ಈ ಭೇದವನ್ನು ಗ್ರಹಿಸಿದ ಮೇಲೆ ವಿಚಾರವು ಹೊಸ ಹಾದಿಯನ್ನು ಹಿಡಿಯಿತು. ಯಂತ್ರವೂ ಕಟ್ಟಡವೂ ಸುಮ್ಮನೆ ನಿಂತಾಗಲೂ ತಿನ್ನುವ ವೆಚ್ಚವನ್ನು ಜೆ. ಎಂ. ಕ್ಲಾರ್ಕ್ 1923ರಲ್ಲಿ ವಿಸ್ತಾರವಾಗಿ ವಿವೇಚಿಸಿದನು. ಸಂಸ್ಥೆಯೊಳಗೆ ಬಳಕೆಯಾಗದೆ ಉಳಿದ ಸಾಮರ್ಥ್ಯವೇ ಅದನ್ನು ಹೊಸ ಸರಕುಗಳತ್ತ ದೂಡುತ್ತದೆಂದು ಎಡಿತ್ ಪೆನ್ರೋಸ್ 1959ರಲ್ಲಿ ತೋರಿಸಿದಳು.

ಈ ಎಳೆಗಳನ್ನು ಒಂದುಗೂಡಿಸಿ 'ವ್ಯಾಪ್ತಿಯ ಮಿತವ್ಯಯ' ಎಂಬ ಹೆಸರಿಟ್ಟವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಜಾನ್ ಪಾನ್ಜರ್ ಮತ್ತು ರಾಬರ್ಟ್ ವಿಲಿಗ್. ಒಂದೇ ದೂರವಾಣಿ ಸಂಸ್ಥೆಯು ಹಲವು ಸೇವೆಗಳನ್ನು ಒದಗಿಸುವುದು ನ್ಯಾಯವೇ ಎಂಬ ವಿವಾದವು ನ್ಯಾಯಾಲಯವನ್ನು ಮುಟ್ಟಿದ್ದ ಕಾಲವದು. ಅವರ 1981ರ ಲೇಖನದ ಸಾರವಿಷ್ಟೆ: ಒಂದು ಸರಕಿಗಾಗಿ ಕೊಂಡ ಸಾಧನವು ಸವೆಯದೆಯೇ ಇನ್ನೊಂದಕ್ಕೂ ಒದಗುವುದಾದರೆ, ಎರಡನ್ನೂ ಕೂಡಿ ಮಾಡುವ ವೆಚ್ಚವು ಬೇರೆಬೇರೆಯಾಗಿ ಮಾಡುವ ವೆಚ್ಚಗಳ ಮೊತ್ತಕ್ಕಿಂತ ಕಡಿಮೆಯಾಗುತ್ತದೆ. ಉತ್ಪಾದನೆಯ ಗಾತ್ರವು ಹಿಗ್ಗಿದುದರಿಂದ ಆಗುವ ಉಳಿತಾಯವು ಪ್ರಮಾಣದ ಮಿತವ್ಯಯವಾದರೆ, ಬಗೆಗಳು ಹೆಚ್ಚಿದುದರಿಂದ ಆಗುವ ಉಳಿತಾಯವು ವ್ಯಾಪ್ತಿಯದು.

ಇದನ್ನು ಕಲ್ಪಿತ ಅಂಕಿಗಳಿಂದ ಲೆಕ್ಕಹಾಕೋಣ. ಮುಂಗಾರಿನ ಶೇಂಗಾ ಕಿತ್ತ ಮೇಲಿನ ಕೆಲವು ತಿಂಗಳು ಗಿರಣಿಗೆ ಬಿಡುವಿಲ್ಲ. ಅನಂತರ ಅದು ಬರಿದೆ ನಿಲ್ಲುತ್ತದೆ. ಬೀಜದ ಕ್ರಯವನ್ನು ಬದಿಗಿಟ್ಟರೆ, ಕಟ್ಟಡ, ಬಾಯ್ಲರು, ಎಕ್ಸ್‌ಪೆಲ್ಲರು, ಕಾವಲುಗಾರ, ಗುಮಾಸ್ತ ಇವರಿವುಗಳಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ, ಶೇಂಗಾ ಅರೆಯುವ ಕೂಲಿ ಮತ್ತು ವಿದ್ಯುತ್ತಿಗೆ 8 ಲಕ್ಷ, ಒಟ್ಟು 20 ಲಕ್ಷವೆಂದಿಟ್ಟುಕೊಳ್ಳಿ. ಸೂರ್ಯಕಾಂತಿಗೇ ಇನ್ನೊಂದು ಗಿರಣಿ ಕಟ್ಟಿದರೆ ಅಂತಹುದೇ 12 ಲಕ್ಷದ ಮೇಲೆ 6 ಲಕ್ಷ, ಅಂದರೆ 18 ಲಕ್ಷ. ಎರಡೂ ಸೇರಿ 38 ಲಕ್ಷ. ಬಿಡುವಿನ ತಿಂಗಳುಗಳಲ್ಲಿ ಹಳೆಯ ಗಿರಣಿಯೇ ಸೂರ್ಯಕಾಂತಿಯನ್ನೂ ಅರೆದರೆ, ಸರಕು ಬದಲಿಸುವಾಗ ಯಂತ್ರವನ್ನು ತೊಳೆದು ಹೊಂದಿಸುವ 2 ಲಕ್ಷವನ್ನು ಸೇರಿಸಿಯೂ ವೆಚ್ಚವು 28 ಲಕ್ಷವೇ. ಉಳಿತಾಯವು ಹತ್ತು ಲಕ್ಷ; ಕೂಡುವೆಚ್ಚದ ಮೂರನೆಯ ಒಂದು ಪಾಲಿಗಿಂತಲೂ ಮಿಗಿಲು. ಆದರೆ ಎರಡೂ ಬೀಜಗಳು ಒಂದೇ ತಿಂಗಳಿನಲ್ಲಿ ಮಂಡಿಗೆ ಬಂದು, 7 ಲಕ್ಷದ ಹೆಚ್ಚುವರಿ ಎಕ್ಸ್‌ಪೆಲ್ಲರು ಅನಿವಾರ್ಯವಾಯಿತೆನ್ನಿ. ಉಳಿತಾಯವು ಮೂರು ಲಕ್ಷಕ್ಕಿಳಿಯುತ್ತದೆ. ಉಳಿತಾಯದ ಮೂಲವು ಸರಕುಗಳ ಸಾದೃಶ್ಯವಲ್ಲ, ಸಾಧನದ ಬಿಡುವು.

ಸಾದೃಶ್ಯವು ಮೋಸಗೊಳಿಸುವುದೂ ಉಂಟು. ಹರಳು, ಹೊಂಗೆ, ಬೇವುಗಳೂ ಎಣ್ಣೆಬೀಜಗಳೇ, ಅವನ್ನೂ ಅದೇ ಯಂತ್ರವು ಅರೆಯಬಲ್ಲದು. ಆದರೆ ಹರಳಿನ ಹಿಂಡಿಯು ವಿಷಯುಕ್ತವಾದುದರಿಂದ ಹೊಲದ ಗೊಬ್ಬರಕ್ಕಷ್ಟೇ ಯೋಗ್ಯ. ಅದರ ಶೇಷವು ದನಗಳು ತಿನ್ನುವ ಶೇಂಗಾ ಹಿಂಡಿಗೆ ಬೆರೆಯಕೂಡದು. ಇಂತಹ ಬೀಜಗಳಿಗೆ ಪ್ರತ್ಯೇಕ ಯಂತ್ರವನ್ನೇ ಇಡಬೇಕಾದಲ್ಲಿ ಹಂಚಿಕೊಳ್ಳಲು ಉಳಿಯುವುದು ಕಟ್ಟಡವೂ ಗುಮಾಸ್ತನೂ ಮಾತ್ರ. ಇದಲ್ಲದೆ, ಹಂಚಿಕೊಂಡುದರ ದೋಷವೂ ಹಂಚಿಕೆಯಾಗುತ್ತದೆ. ಬೂಸ್ಟು ಹಿಡಿದ ಶೇಂಗಾದ ವಿಷವು ಹೆಚ್ಚಾಗಿ ಹಿಂಡಿಯಲ್ಲಿಯೇ ಉಳಿಯುತ್ತದೆ; 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದಷ್ಟು ಸತ್ತುದಕ್ಕೆ ಅಂತಹ ಹಿಂಡಿಯೇ ಕಾರಣವೆಂದು ತಿಳಿದುಬಂದ ಮೇಲೆ ಅಫ್ಲಟಾಕ್ಸಿನ್ ಎಂಬ ಹೆಸರು ಲೋಕಕ್ಕೆ ಪರಿಚಯವಾಯಿತು. ಎಣ್ಣೆಯನ್ನಷ್ಟೇ ನೋಡಿ ಬೀಜವನ್ನು ಕೊಳ್ಳುವ ಗಿರಣಿಯು ಹಿಂಡಿಯ ಗಿರಾಕಿಯನ್ನು ಕಳೆದುಕೊಳ್ಳುತ್ತದೆ.

ಉಳಿತಾಯವಿದ್ದಲ್ಲೆಲ್ಲ ಒಡೆತನವೂ ಒಂದೇ ಆಗಬೇಕೆ? ಬಿಡುವಿನ ಯಂತ್ರವನ್ನು ಬಾಡಿಗೆಗೆ ಕೊಡಬಹುದಲ್ಲ ಎಂದು ಡೇವಿಡ್ ಟೀಸ್ 1980ರಲ್ಲಿಯೇ ಕೇಳಿದನು. ಊರ ಗಾಣಿಗನು ರೈತರ ಬೀಜವನ್ನು ಕೂಲಿಗೆ ಅರೆದುಕೊಡುತ್ತಿದ್ದುದು ಇದಕ್ಕೆ ಹಳೆಯ ಉತ್ತರ. ಆದರೆ ಬೀಜವನ್ನು ಅಂಗೈಯಲ್ಲಿ ಹಿಸುಕಿಯೇ ತೇವವನ್ನು ಅರಿಯುವ ಅನುಭವವನ್ನಾಗಲಿ, ಮಂಡಿಯಲ್ಲಿ ಗಳಿಸಿದ ನಂಬಿಕೆಯನ್ನಾಗಲಿ ಬಾಡಿಗೆಗೆ ಕೊಡುವುದು ಸುಲಭವಲ್ಲ; ಇಂತಹವು ಮುಖ್ಯವಾದಲ್ಲಿ ಮಾತ್ರ ಸಂಸ್ಥೆಯು ತಾನೇ ಹಲವು ಸರಕುಗಳಿಗೆ ಕೈಹಾಕುವುದು ಸಮಂಜಸ. ಜರ್ಮನಿಯ ಬಣ್ಣದ ಕಾರ್ಖಾನೆಗಳು ಅದೇ ರಾಸಾಯನಿಕಗಳಿಂದಲೂ ಅದೇ ಜ್ಞಾನದಿಂದಲೂ ನೂರಾರು ಬಣ್ಣಗಳನ್ನೂ ಔಷಧಿಗಳನ್ನೂ ತಯಾರಿಸಿದ ಇತಿಹಾಸವನ್ನು ಆಲ್ಫ್ರೆಡ್ ಚಾಂಡ್ಲರ್ 1990ರಲ್ಲಿ ವಿವರವಾಗಿ ಬರೆದನು.

ಅಳೆಯುವಲ್ಲಿ ತೊಡಕೊಂದು ಇಂದಿಗೂ ಉಳಿದಿದೆ. ಒಂದನ್ನೇ ಮಾಡುವ ಸಂಸ್ಥೆಯು ಎಷ್ಟೋ ಉದ್ಯಮಗಳಲ್ಲಿ ಇಲ್ಲವೇ ಇಲ್ಲವಾದುದರಿಂದ, ಅದರ ವೆಚ್ಚವನ್ನು ಊಹೆಯಿಂದಲೇ ನಿರ್ಣಯಿಸಬೇಕಾಗುತ್ತದೆ. ಊಹೆಯು ಬದಲಾದರೆ ಉಳಿತಾಯದ ಅಂಕಿಯೂ ಬದಲಾಗುತ್ತದೆ.

1994ರ ತರುವಾಯ ಪಾಮೊಲಿನ್ ಎಣ್ಣೆಯ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆಯು ಮಾರುಕಟ್ಟೆಯನ್ನು ತುಂಬಿತು; ಚಳ್ಳಕೆರೆಯ ಬಹಳಷ್ಟು ಗಿರಣಿಗಳು ಮುಚ್ಚಿದವು. ಎಣ್ಣೆಯ ಬೆಲೆಯಲ್ಲಿ ಸಿಂಹಪಾಲು ಬೀಜದ್ದು, ಅರೆಯುವ ವೆಚ್ಚವು ಅಲ್ಪಾಂಶ. ವ್ಯಾಪ್ತಿಯ ಮಿತವ್ಯಯವು ಉಳಿಸುವುದು ಆ ಅಲ್ಪಾಂಶದಲ್ಲಿಯೇ ಆದುದರಿಂದ, ಕಚ್ಚಾವಸ್ತುವಿನ ಬೆಲೆಯಲ್ಲಿಯೇ ಸೋತ ಉದ್ಯಮವನ್ನು ಅದು ಕಾಪಾಡಲಾರದು.