ಮನೆಯಿಂದ ಆನ್‌ಲೈನ್‌ನಲ್ಲಿ ಮಾರಲು ಜಿಎಸ್‌ಟಿ ನಂಬರ್ ಬೇಕೇ ಬೇಕಾ?

ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿವೆ. ಒಂದು, "ಜಿಎಸ್‌ಟಿ ನಂಬರ್ ಇಲ್ಲದೆ ಆನ್‌ಲೈನ್‌ನಲ್ಲಿ ಒಂದು ರೂಪಾಯಿಯ ಸಾಮಾನು ಕೂಡ ಮಾರುವಂತಿಲ್ಲ". ಇನ್ನೊಂದು, "40 ಲಕ್ಷದವರೆಗೆ ಎಲ್ಲಿ ಬೇಕಾದರೂ ಮಾರಿ, ಯಾರೂ ಕೇಳುವುದಿಲ್ಲ". ಇವೆರಡೂ ಅರ್ಧ ಸತ್ಯ.

ಮೊದಲ ಸಂದೇಶ: ಹಳೆಯ ನಿಯಮ

ಅಂಗಡಿಯಲ್ಲಿ ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ತೆರಿಗೆ ಬರುವ ಸರಕು ಮಾರುವವರಿಗೆ ಈ ವಿನಾಯಿತಿ ಇರಲಿಲ್ಲ. ಮೊದಲ ಮಾರಾಟಕ್ಕೇ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಇದು ಬದಲಾಗಿದೆ. ಈಗ ಸಣ್ಣ ಮಾರಾಟಗಾರರು ನೋಂದಣಿ ಇಲ್ಲದೆಯೂ ಮಾರಬಹುದು, ಆದರೆ ಷರತ್ತುಗಳಿವೆ.

ಎರಡನೇ ಸಂದೇಶ: ಮರೆತ ಷರತ್ತು

ಮುಖ್ಯ ಷರತ್ತು, ಸರಕು ರಾಜ್ಯದ ಗಡಿ ದಾಟಬಾರದು. ಇದು ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರಿಗೆ ತುಂಬಾ ಮುಖ್ಯ. ಇಲ್ಲಿಂದ ತಮಿಳುನಾಡಿನ ಹೊಸೂರು ಹತ್ತಿರದಲ್ಲೇ ಇದೆ.

ಒಂದು ಉದಾಹರಣೆ ನೋಡೋಣ. ಲಕ್ಕೂರಿನ ಒಬ್ಬ ಗೃಹಿಣಿ ಮಾವಿನಕಾಯಿ ಉಪ್ಪಿನಕಾಯಿ ಮಾಡಿ ಆನ್‌ಲೈನ್‌ನಲ್ಲಿ ತಿಂಗಳಿಗೆ 40 ಸಾವಿರ ರೂಪಾಯಿಯಷ್ಟು ಮಾರುತ್ತಾರೆ ಎಂದುಕೊಳ್ಳಿ. ಮಾಲೂರಿನ ಅಂಗಡಿಗಳಿಗೂ 20 ಸಾವಿರದ ಮಾಲು ಕೊಡುತ್ತಾರೆ. ಎರಡನ್ನೂ ಸೇರಿಸಿದರೆ ವರ್ಷಕ್ಕೆ 7 ಲಕ್ಷ 20 ಸಾವಿರ. ಇಲ್ಲಿ ನೋಡುವುದು ಲಾಭವನ್ನಲ್ಲ, ಒಂದು ಪಾನ್ ಕಾರ್ಡ್‌ನ ಮೇಲೆ ನಡೆದ ಒಟ್ಟು ಮಾರಾಟವನ್ನು. ಅದು 40 ಲಕ್ಷಕ್ಕಿಂತ ಬಹಳ ಕಡಿಮೆ.

ಇವರು ಕಲಬುರಗಿಗೆ ಬಾಟಲಿ ಕಳಿಸಿದರೆ ಜಿಎಸ್‌ಟಿ ನಂಬರ್ ಬೇಕಿಲ್ಲ, ಅದು ಎಷ್ಟು ದೂರವಿದ್ದರೂ ಕರ್ನಾಟಕವೇ. ಆದರೆ ಹೊಸೂರಿಗೆ ಒಂದೇ ಒಂದು ಬಾಟಲಿ ಕಳಿಸಬೇಕಾದರೂ ನೋಂದಣಿ ಬೇಕು. ಮಾರುಕಟ್ಟೆ ಬಿಟ್ಟು ವಾಟ್ಸಾಪ್‌ನಲ್ಲಿ ನೇರವಾಗಿ ಆರ್ಡರ್ ತೆಗೆದುಕೊಂಡರೂ ಗಡಿಯ ನಿಯಮ ಹೀಗೆಯೇ. ಹಣ ಯಾರು ಕೊಟ್ಟರು ಎಂಬುದಲ್ಲ, ಪಾರ್ಸೆಲ್ ಯಾವ ರಾಜ್ಯಕ್ಕೆ ತಲುಪುತ್ತದೆ ಎಂಬುದನ್ನು ನೋಡಿ. ಉದಾಹರಣೆಗೆ ವಿಳಾಸದಲ್ಲಿ 635109 ಎಂದಿದ್ದರೆ ಅದು ಹೊಸೂರಿನ ಪಿನ್‌ಕೋಡ್.

ನೋಂದಣಿ ಇಲ್ಲದಿದ್ದರೆ ಏನು ಮಾಡಬೇಕು?

ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವ ಮೊದಲು gst.gov.in ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು. ಪಾನ್, ವ್ಯಾಪಾರ ನಡೆಸುವ ವಿಳಾಸ ಮತ್ತು ರಾಜ್ಯದ ವಿವರ ಕೊಡಬೇಕು. ಒಂದು ರಾಜ್ಯದಲ್ಲಿ ಮಾತ್ರ ಮಾರಬಹುದು. ಸಿಕ್ಕ ನಂಬರನ್ನು ಮಾರುಕಟ್ಟೆಯ ಖಾತೆಯಲ್ಲಿ ಹಾಕಬೇಕು. ಅಂಥ ಮಾರಾಟಗಾರರ ಸರಕು ಬೇರೆ ರಾಜ್ಯಕ್ಕೆ ಹೋಗದಂತೆ ತಡೆಯುವುದು ಮಾರುಕಟ್ಟೆಯ ಹೊಣೆಯೂ ಹೌದು.

ಇದು ಜಿಎಸ್‌ಟಿ ನಂಬರ್ ಅಲ್ಲ. ಇದನ್ನು ಇಟ್ಟುಕೊಂಡು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಕಾನೂನು ಒಪ್ಪಿದರೂ ಕೆಲವು ಮಾರುಕಟ್ಟೆಗಳು ತಮ್ಮ ನಿಯಮದಂತೆ ಜಿಎಸ್‌ಟಿ ನಂಬರನ್ನೇ ಕೇಳಬಹುದು. ಖಾತೆ ತೆರೆಯುವ ಮೊದಲೇ ವಿಚಾರಿಸಿ.

ಹಪ್ಪಳದ ಲೆಕ್ಕ ಬೇರೆ

ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವೇ ಬರುವುದಿಲ್ಲ, ಹೊಸೂರಿಗೆ ಕಳಿಸಿದರೂ ಅಷ್ಟೆ. ಆದರೆ ಅದರ ಜೊತೆ ಉಪ್ಪಿನಕಾಯಿಯನ್ನೂ ಮಾರಲು ಶುರು ಮಾಡಿದರೆ ಮೇಲಿನ ಷರತ್ತುಗಳೆಲ್ಲ ಅನ್ವಯಿಸುತ್ತವೆ. ಮಿತಿ ದಾಟಿದೆಯೇ ಎಂದು ನೋಡುವಾಗ ಹಪ್ಪಳದ ಮಾರಾಟವನ್ನೂ ಲೆಕ್ಕಕ್ಕೆ ಸೇರಿಸಬೇಕು.

ನೋಂದಣಿ ಮಾಡಿಸುವ ಮುನ್ನ

ಸರ್ಕಾರ ಜಿಎಸ್‌ಟಿ ನೋಂದಣಿಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆದರೆ ನಂಬರ್ ಬಂದ ಮೇಲೆ ಜವಾಬ್ದಾರಿ ಶುರುವಾಗುತ್ತದೆ. ವಹಿವಾಟು ಎಷ್ಟೇ ಕಡಿಮೆ ಇದ್ದರೂ ತೆರಿಗೆ ಕಟ್ಟಬೇಕು. ಒಂದು ಬಾಟಲಿಯೂ ಮಾರದಿದ್ದರೂ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಂಡ ಶುಲ್ಕ ಬೀಳುತ್ತದೆ. ಹಳೆಯ ಎನ್‌ರೋಲ್‌ಮೆಂಟ್ ನಂಬರ್ ಅಂದಿನಿಂದ ನಡೆಯುವುದಿಲ್ಲ. ಹಾಗಾಗಿ "ಇರಲಿ, ಒಂದು ಮಾಡಿಸಿಟ್ಟುಕೊಳ್ಳೋಣ" ಎನ್ನುವ ಮೊದಲು ಯೋಚಿಸಿ.

ಒಟ್ಟಾರೆ ಹೇಳುವುದಾದರೆ

ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಸರಕಿಗೆ ತೆರಿಗೆ ಇದೆಯಾ? ಪಾರ್ಸೆಲ್ ಕರ್ನಾಟಕ ದಾಟುತ್ತದಾ? ವರ್ಷದ ಒಟ್ಟು ಮಾರಾಟ 40 ಲಕ್ಷ ಮೀರುತ್ತದಾ? ತೆರಿಗೆ ಇರುವ ಸರಕಾಗಿದ್ದು, ಉಳಿದ ಎರಡರಲ್ಲಿ ಒಂದಕ್ಕೆ "ಹೌದು" ಎಂದಾದರೂ ಜಿಎಸ್‌ಟಿ ನೋಂದಣಿ ಬೇಕು. ಎರಡಕ್ಕೂ "ಇಲ್ಲ" ಎಂದಾದರೆ ಎನ್‌ರೋಲ್‌ಮೆಂಟ್ ನಂಬರ್ ಸಾಕು. ಸರಕಿನ ಜೊತೆ ಹೊಲಿಗೆಯಂಥ ಸೇವೆಯನ್ನೂ ಕೊಡುತ್ತಿದ್ದರೆ ಮಿತಿ 40 ಅಲ್ಲ, 20 ಲಕ್ಷ ಎಂಬುದು ನೆನಪಿರಲಿ.