ಅಮ್ಮ ಯಾರ ಮನೆಯಲ್ಲಿದ್ದಾರೋ ಖರ್ಚು ಅವರದ್ದೇನಾ? ಕಾನೂನು ಏನು ಹೇಳುತ್ತದೆ?

"ಅಮ್ಮ ಯಾರ ಮನೆಯಲ್ಲಿದ್ದಾರೋ ಖರ್ಚು ಅವರದ್ದೇ", "ಮದುವೆಯಾದ ಹೆಣ್ಣುಮಕ್ಕಳಿಗೆ ಜವಾಬ್ದಾರಿ ಇಲ್ಲ". ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಎರಡೂ ಮಾತು ತಪ್ಪು. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು ಮತ್ತು ವಯಸ್ಕ ಮೊಮ್ಮಕ್ಕಳು. ಮದುವೆಯಾದ ಮಗಳಿಗೂ ಹೊಣೆ ಇದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ, ಬೇರೊಂದು ಕಾನೂನಿನಡಿ, ಹೇಳಿತ್ತು.

ಮೈಸೂರಿನ ಒಂದು ಪ್ರಕರಣ ನೋಡಿ. 84 ವರ್ಷದ ತಾಯಿ ಮಗನ ಮನೆ ಬಿಟ್ಟು ಹೆಣ್ಣುಮಕ್ಕಳ ಜೊತೆ ಇದ್ದರು. ತಲಾ 10,000 ರೂಪಾಯಿ ಕೊಡಿ ಎಂದು ಇಬ್ಬರು ಗಂಡುಮಕ್ಕಳಿಗೆ ಜಿಲ್ಲಾಧಿಕಾರಿ ಆದೇಶಿಸಿದರು. "ನಾವೇ ನೋಡಿಕೊಳ್ಳುತ್ತೇವೆ, ಅಕ್ಕತಂಗಿಯರು ಕಿವಿ ಚುಚ್ಚಿದ್ದಾರೆ" ಎಂಬುದು ಅವರ ವಾದ. 2023ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾ. ಕೃಷ್ಣ ಎಸ್. ದೀಕ್ಷಿತ್ ಇದನ್ನು ಒಪ್ಪಲಿಲ್ಲ. ಗಂಡುಮಕ್ಕಳ ಜೊತೆಯೇ ಇರು ಎಂದು ತಾಯಿಯನ್ನು ಒತ್ತಾಯಿಸುವ ಕಾನೂನಿಲ್ಲ ಎಂದರು.

ಇನ್ನು ನಮ್ಮದೇ ಒಂದು ಕಾಲ್ಪನಿಕ ಉದಾಹರಣೆ. ಗಂಗಾನಗರದಲ್ಲಿ ಅಮ್ಮ ಕಿರಿಯ ಮಗಳ ಜೊತೆ ಇದ್ದಾರೆ. ಮನೆಯನ್ನು ಯಲಹಂಕದಲ್ಲಿರುವ ಹಿರಿಯ ಮಗನಿಗೆ ಬರೆದುಕೊಟ್ಟಾಗಿದೆ. ಇನ್ನೊಬ್ಬ ಮಗ ಪುಣೆಯಲ್ಲಿ. ಆಯಾ, ಮಾತ್ರೆ, ಡೈಪರ್ ಸೇರಿ ತಿಂಗಳಿಗೆ 18,000 ರೂಪಾಯಿ. "ಮನೆ ಅಣ್ಣನಿಗೆ, ಅಮ್ಮ ನನಗೆ" ಎಂಬ ಸಿಟ್ಟು ಮಗಳಿಗೆ.

ಆದರೆ ಅರ್ಜಿ ಅಮ್ಮನ ಹೆಸರಿನಲ್ಲೇ ಇರಬೇಕು. ಅವರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟವರು ಹಾಕಬಹುದು. ಅದು ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಮೊದಲು ರಾಜಿ ಮಾಡಿಸುವ ಅಧಿಕಾರಿಗೆ ಒಪ್ಪಿಸಬಹುದು. ಇಲ್ಲದಿದ್ದರೆ ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನವಾಗಬೇಕು. ಹಿರಿಯ ಮಗನೊಬ್ಬನ ಮೇಲೆ ಅರ್ಜಿ ಬಿದ್ದರೆ, ತಮ್ಮನನ್ನೂ ತಂಗಿಯನ್ನೂ ಸೇರಿಸಿ ಎಂದು ಆತ ಕೇಳಬಹುದು. ಬಹಳ ಮಂದಿಗೆ ಗೊತ್ತಿಲ್ಲದ ಅಂಶ ಇದು. ಹಾಗಾಗಿ ಔಷಧದ ಬಿಲ್ಲು, ಆಯಾ ಸಂಬಳದ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಮನೆಯ ವಿಷಯ ಬೇರೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಆಗಿದ್ದರೆ, 23ನೇ ಸೆಕ್ಷನ್ ಅಡಿ ಅದನ್ನು ರದ್ದುಪಡಿಸಿ ಎಂದು ಅಮ್ಮ ಕೇಳಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ತೀರ್ಪು ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿದೆ. ರದ್ದಾದರೂ ಮನೆ ಮರಳುವುದು ಅಮ್ಮನಿಗೆ, ಮಗಳಿಗಲ್ಲ.

ಮಗಳು ರಾತ್ರಿ ಎದ್ದು ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುವುದಕ್ಕೆ ಈ ಕಾಯ್ದೆಯಲ್ಲಿ ಲೆಕ್ಕವಿಲ್ಲ. ಅದನ್ನು ಅಣ್ಣತಮ್ಮಂದಿರ ಜೊತೆ ಕೂತೇ ಮಾತಾಡಬೇಕು. ಅರ್ಜಿಯ ಬಗ್ಗೆ ಮಾಹಿತಿ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.